ಎರಡು ಸಾಲಲ್ಲಿ ಉತ್ತರ ಕೊಟ್ರೆ ಒರಟಾಗತ್ತಾ? ಟ್ಯಾಕ್ಸ್ ಆಫೀಸಿನ ನನ್ನ ಅನುಭವ

ನಂದು ಶಿವಮೊಗ್ಗದಲ್ಲಿ ಚಿಕ್ಕ ಟ್ಯಾಕ್ಸ್ ಆಫೀಸು. ಜುಲೈ ಬಂತಂದ್ರೆ ರಿಟರ್ನ್ ಹಾಕೋದಕ್ಕಿಂತ ವಾಟ್ಸಾಪ್‌ಗೆ ಉತ್ತರ ಕೊಡೋದೇ ದೊಡ್ಡ ಕೆಲಸ. ನಮ್ಮಲ್ಲಿಗೆ ಕೆಲಸ ಕಲಿಯಕ್ಕೆ ಬಂದಿರೋ ಹುಡುಗ ಒಬ್ಬ ಇದಾನೆ, ಭಾಷೆ ತುಂಬಾ ಚೆನ್ನಾಗಿದೆ, ಅದೇ ತೊಂದರೆ.

ಒಬ್ಬರು ರಿಟೈರ್ಡ್ ಮೇಷ್ಟ್ರು ಕೇಳಿದ್ರು, "ನಂದು ಫೈಲ್ ಆಯ್ತೇನಪ್ಪಾ?" ಅಂತ. ಇವನು ಬರೆದ ಡ್ರಾಫ್ಟ್ ಸುಮಾರು ಹದಿನೈದು ಸಾಲು. ನಮ್ಮ ಮೇಲೆ ವಿಶ್ವಾಸ ಇಟ್ಟಿದ್ದಕ್ಕೆ ಧನ್ಯವಾದ, ಪೆನ್ಷನ್ನು ಮತ್ತೆ ಎಫ್‌ಡಿ ಬಡ್ಡಿ ಎಲ್ಲೆಲ್ಲಿ ತೋರಿಸಿದೀವಿ, ರಿಫಂಡ್ ಹೇಗೆ ಬರತ್ತೆ, ಇಷ್ಟೆಲ್ಲಾ ಆದ್ಮೇಲೆ ಕೊನೇಲಿ ಒಂದು ಸಾಲು, ಇ-ವೆರಿಫೈ ಮಾಡ್ಬೇಕು, ಅಂದ್ರೆ ಹಾಕಿದ ರಿಟರ್ನ್ ತಮ್ಮದೇ ಅಂತ ಓಟಿಪಿ ಕೊಟ್ಟು ಖಚಿತಪಡಿಸ್ಬೇಕು ಅಂತ. ಒಂದು ತಪ್ಪೂ ಇರ್ಲಿಲ್ಲ ಅದರಲ್ಲಿ. ಆದ್ರೆ ಉದ್ದ ಮೆಸೇಜನ್ನ ವಾಟ್ಸಾಪ್ ಅರ್ಧಕ್ಕೇ ಕಟ್ ಮಾಡಿ "ಇನ್ನಷ್ಟು ಓದಿ" ಅಂತ ತೋರಿಸತ್ತೆ, ನೋಟಿಫಿಕೇಶನ್ನಲ್ಲಂತೂ ಮೊದಲ ಸಾಲೇ ಕಾಣೋದು, ಮೇಷ್ಟ್ರು ಧನ್ಯವಾದ ಓದಿ ಖುಷಿಯಾಗಿ ಫೋನ್ ಪಕ್ಕಕ್ಕಿಡ್ತಾರೆ. ರಿಟರ್ನ್ ಸಲ್ಲಿಸಿದ 30 ದಿನದೊಳಗೆ ವೆರಿಫೈ ಆಗ್ಲಿಲ್ಲ ಅಂದ್ರೆ ಆಮೇಲೆ ವೆರಿಫೈ ಮಾಡಿದ ದಿನವನ್ನೇ ಸಲ್ಲಿಸಿದ ದಿನ ಅಂತ ಹಿಡೀತಾರೆ, ಅಷ್ಟೊತ್ತಿಗೆ ಕೊನೆ ದಿನಾಂಕ ದಾಟಿದ್ರೆ ಲೇಟ್ ಫೀ ಬೀಳತ್ತೆ. ಮಾಡ್ಲೇ ಇಲ್ಲ ಅಂದ್ರೆ ರಿಟರ್ನೇ ಹಾಕಿಲ್ಲ ಅಂತ ಲೆಕ್ಕ.

ನಾನು ಕಳಿಸಿದ್ದು ಇಷ್ಟು:

"ನಮಸ್ಕಾರ ಮೇಷ್ಟ್ರೇ, ನಿಮ್ಮ ರಿಟರ್ನ್ ಇವತ್ತು ಸಲ್ಲಿಕೆ ಆಯ್ತು, ಆದ್ರೆ ಇ-ವೆರಿಫೈ ಬಾಕಿ ಇದೆ.
ಸಂಜೆ 6ಕ್ಕೆ ಫೋನ್ ಮಾಡ್ತೀನಿ, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್ ಕೈಯಲ್ಲಿಟ್ಕೊಂಡಿರಿ."

ಹುಡುಗನಿಗೆ ಸಮಾಧಾನ ಆಗ್ಲಿಲ್ಲ, "ಸರ್ ದೊಡ್ಡವರು, ಇಷ್ಟೇ ಬರೆದ್ರೆ ಏನಂದ್ಕೋತಾರೆ" ಅಂದ. ನೋಡು, ಮರ್ಯಾದೆ ಎಲ್ಲೆಲ್ಲಿದೆ ಅಂತ ತೋರಿಸಿದೆ. ಅವರನ್ನ ಊರಲ್ಲಿ ಹೇಗೆ ಕರೀತಾರೋ ಹಾಗೇ ಕರೆದಿದೀನಿ, ಅವರು ಕೇಳಿದ್ದಕ್ಕೆ ಮೊದಲನೇ ಸಾಲಲ್ಲೇ ಉತ್ತರ ಇದೆ, ಮುಂದಿನ ಕೆಲಸದ ಭಾರ ನಾನು ತಗೊಂಡಿದೀನಿ, ಟೈಮೂ ಹೇಳಿದೀನಿ. ಆ 6 ಗಂಟೆ ಇಲ್ದೆ "ಆಮೇಲೆ ಹೇಳ್ತೀವಿ" ಅಂತ ಹಾಕಿದ್ರೆ ಅದು ಚಿಕ್ಕದಲ್ಲ, ಒರಟು. "ಓಕೆ", "ಫೈಲ್ಡ್", ಬರೀ ಹೆಬ್ಬೆರಳಿನ ಇಮೋಜಿ, ಇವೂ ಅಷ್ಟೇ, ಕೇಳಿದವರನ್ನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು "ಮೊನ್ನೇನೇ ಹೇಳಿದ್ನಲ್ಲ", ಎಷ್ಟು ನಿಜವಾಗಿದ್ರೂ ನಾನು ಹಾಕಲ್ಲ, ಮತ್ತೆ ಹೇಳಕ್ಕೆ ಅಷ್ಟೇ ಹೊತ್ತು ಸಾಕಲ್ವಾ.

ಸಿಟ್ಟಲ್ಲಿ ಬರೆದವರಿಗಂತೂ ಚಿಕ್ಕ ಉತ್ತರವೇ ಸರಿ. ಅಂಗಡಿ ಇಟ್ಟಿರೋ ಒಬ್ಬರು ರಾತ್ರಿ ಮೆಸೇಜ್ ಹಾಕಿದ್ರು, ಎಲ್ಲರಿಗೂ ರಿಫಂಡ್ ಬಂತು ನಂಗ್ಯಾಕೆ ಇಲ್ಲ, ನಿಮ್ಮಲ್ಲೇ ಏನೋ ಎಡವಟ್ಟಾಗಿದೆ ಅಂತ. ನೀಟಾಗಿ ಪ್ಯಾರಾಗ್ರಾಫ್ ಮಾಡಿ ವಿವರಿಸಿದಷ್ಟೂ ಅವರಿಗೆ ಅದು ಜಾರಿಕೊಳ್ಳೋ ಮಾತಾಗಿ ಕಾಣತ್ತೆ. ಮೊದಲು ಪೋರ್ಟಲ್ ತೆಗೆದು ನೋಡಿದೆ, ರಿಫಂಡ್ ಫೇಲ್ ಆಗಿತ್ತು, ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿರ್ಲಿಲ್ಲ. ಬರೆದದ್ದು: "ಅಣ್ಣಾ, ಈಗ ನೋಡಿದೆ, ರಿಫಂಡ್ ಹೊರಟಿದೆ ಆದ್ರೆ ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗದೆ ವಾಪಸ್ ಹೋಗಿದೆ. ಪಾಸ್‌ಬುಕ್ ಮೊದಲ ಪುಟದ ಫೋಟೋ ಕಳಿಸಿ, ನಾಳೆ ಖಾತೆ ಸರಿಮಾಡೋಣ, ವ್ಯಾಲಿಡೇಟ್ ಆದ ತಕ್ಷಣ ರಿಫಂಡ್ ರೀಇಶ್ಯೂಗೆ ಹಾಕ್ತೀನಿ." ಎಡವಟ್ಟು ಅಂದಿದ್ದಕ್ಕೆ ನಾನು ಉತ್ತರವೇ ಕೊಡ್ಲಿಲ್ಲ. ಐದು ನಿಮಿಷಕ್ಕೆ ಫೋಟೋ ಬಂತು. "ಈಗ ನೋಡಿದೆ" ಅನ್ನೋದು ಮುಖ್ಯ, ಆದ್ರೆ ನಿಜವಾಗ್ಲೂ ನೋಡಿರ್ಬೇಕು, ಇಲ್ದಿದ್ರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀವಿ.

ಆದ್ರೆ ಎಲ್ಲದಕ್ಕೂ ಎರಡು ಸಾಲು ಆಗಲ್ಲ. ಇಲಾಖೆಯಿಂದ ಡಿಮಾಂಡ್ ನೋಟಿಸ್ ಬಂದಾಗ "18,400 ಕಟ್ಟಬೇಕು ಅಂತ ಬಂದಿದೆ, ನಾಳೆ ಮಾತಾಡೋಣ" ಅಂತ ಹಾಕಿದ್ರೆ ಆ ಮನೇಲಿ ರಾತ್ರಿ ಯಾರೂ ಮಲಗಲ್ಲ. ಅಂಥದ್ದಕ್ಕೆ ಮೊದಲು ಫೋನು, ಆಮೇಲೆ ಮೆಸೇಜು. ಹಳೇ ಟ್ಯಾಕ್ಸ್ ರೆಜೀಮಾ ಹೊಸದಾ ಅಂತ ಕೇಳಿದ್ರೂ ಅಷ್ಟೇ, ಎರಡೂ ಲೆಕ್ಕ ಹಾಕಿ ಉದ್ದಕ್ಕೇ ಬರೆದು ಇಮೇಲ್ ಮಾಡ್ತೀನಿ, ಯಾಕಂದ್ರೆ ಮುಂದಿನ ವರ್ಷ ಅವರು ಅದನ್ನೇ ತೆಗೆದು ಯಾಕೆ ಇದನ್ನ ಆರಿಸಿದ್ವಿ ಅಂತ ಕೇಳ್ತಾರೆ, ನನಗೂ ಅಷ್ಟೊತ್ತಿಗೆ ಮರೆತಿರತ್ತೆ. ಆಗ ವಾಟ್ಸಾಪಲ್ಲಿ ಹೋಗೋದು "ಲೆಕ್ಕ ಇಮೇಲ್ ಮಾಡಿದೀನಿ, ಹೊಸದರಲ್ಲಿ ನಿಮಗೆ ಟ್ಯಾಕ್ಸ್ ಕಮ್ಮಿ, ನೋಡಿ ಶುಕ್ರವಾರದೊಳಗೆ ಹೇಳಿ" ಅಂತ ಮಾತ್ರ.

ಹುಡುಗ ಈಗ ಉದ್ದಕ್ಕೇ ಬರೀತಾನೆ, ಆಮೇಲೆ ಕೊನೇ ಸಾಲನ್ನ ಎತ್ತಿ ಮೇಲೆ ಹಾಕಿ ಉಳಿದದ್ದು ಅಳಿಸ್ತಾನೆ. ಪರವಾಗಿಲ್ಲ, ಮೇಷ್ಟ್ರಿಗೆ ಹೋಗೋದು ಎರಡೇ ಸಾಲು ತಾನೇ.