ಹಲಸಿನ ಹಲಗೆ ತಟ್ಟಿ ನೋಡಲು ಕಲಿತದ್ದು

ಸಾಗರದ ಕಡೆ ಒಬ್ಬ ಆಚಾರ್ರ ಹತ್ತಿರ ನಾನು ಕೆಲಸಕ್ಕೆ ಸೇರಿದೆ. ಮೊದಲ ಕೆಲವು ತಿಂಗಳು ಉಳಿ ಕೊಡಲಿಲ್ಲ. ಹಲಗೆ ಹೊರುವುದು, ಅಟ್ಟಿ ಜೋಡಿಸುವುದು, ಒಂದೊಂದು ಹಲಗೆಯ ನಡುವೆ ಗಾಳಿಯಾಡಲು ಇಂಚಿನ ಪಟ್ಟಿ ಇಡುವುದು, ತುದಿ ಸೀಳದ ಹಾಗೆ ಸಗಣಿ ಬಳಿಯುವುದು, ಇಷ್ಟೇ. ಅಷ್ಟೂ ದಿನ ಮರದ ಭಾರವನ್ನು ಕೈಗೆ ಕಲಿಸುತ್ತಿದ್ದರು ಅಂತ ಆಗ ನನಗೆ ಗೊತ್ತಾಗಲಿಲ್ಲ.

ಒಂದು ಮಳೆಗಾಲ ಮುಗಿದ ಮೇಲೆ ಬಾಗಿಲಿಗೆ ನಾಲ್ಕು ಹಲಗೆ ಆರಿಸು ಅಂದರು. ಹಲಸಿನದು, ಆರಡಿ ಉದ್ದ, ಹತ್ತಿಂಚು ಅಗಲ, ಒಂದಿಂಚು ದಪ್ಪ. ನಾನು ಬಣ್ಣ ನೋಡಿ ಆರಿಸಿದೆ. ಹೊಸದಾಗಿ ಕೊಯ್ದ ಹಲಸು ಹಳದಿ ಇರುತ್ತೆ, ಹಳೆಯದು ಕಂದು, ಹಾಗಾಗಿ ಕಂದು ಇದ್ದದ್ದೆಲ್ಲ ಒಣಗಿದೆ ಅಂದುಕೊಂಡೆ. ಅದೇ ತಪ್ಪಾಯ್ತು. ಹಲಸು ಕಂದಾಗುವುದು ಬೆಳಕಿಗೆ, ಒಣಗುವುದು ಗಾಳಿಗೆ. ಬಿಸಿಲು ಬೀಳುವ ಕಡೆ ಇದ್ದರೆ ಒಳಗೆ ಹಸಿ ಇರುವಾಗಲೇ ಮೇಲ್ಮೈ ಕಂದಾಗಿಬಿಡುತ್ತೆ.

ಆವತ್ತು ಆಚಾರ್ರು ಬೇರೆ ಮನೆಯ ಕೆಲಸಕ್ಕೆ ಹೋಗಿದ್ದರು, ಹಲಗೆ ನೋಡಲಿಲ್ಲ. ಬಾಗಿಲು ಆಯ್ತು, ಕೂರಿಸಿದ್ದೂ ಆಯ್ತು. ಮಾರ್ಚ್ ಬಂದಾಗ ಒಂದು ಹಲಗೆ ಅಗಲದಲ್ಲಿ ಹತ್ತಿರ ಹತ್ತಿರ ಕಾಲಿಂಚು ಕುಗ್ಗಿ, ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಉದ್ದ ಮಾತ್ರ ಇದ್ದ ಹಾಗೇ ಇತ್ತು, ಮರ ಕುಗ್ಗುವುದು ಅಡ್ಡಕ್ಕೇ. ಮನೆಯವರ ಮುಖ ನೋಡಲಾಗದೆ ನಿಂತಿದ್ದೆ. ಆಚಾರ್ರು ಬೈಯಲಿಲ್ಲ. ಆ ಹಲಗೆ ಬಿಚ್ಚಿ, ಬೇರೆ ಹಾಕಿ, ಬಿಚ್ಚಿದ್ದನ್ನು ನನ್ನ ಕೈಲೇ ಹೊರಿಸಿಕೊಂಡು ಬಂದರು.

ಮಾರನೇ ದಿನ ಅಟ್ಟದಿಂದ ಒಂದು ಹಲಗೆ ಇಳಿಸಿದರು. ಅದೇ ಅಳತೆ, ಅದೇ ಹಲಸು, ಮೂರು ವರ್ಷ ಒಣಗಿದ್ದು. ಅದನ್ನು ಎಂದೂ ಕೆಲಸಕ್ಕೆ ಬಳಸುತ್ತಿರಲಿಲ್ಲ. "ಇದು ಲೆಕ್ಕದ ಹಲಗೆ ಮಾರಾಯ. ಬೇರೆ ಹಲಗೆ ಎತ್ತೋ ಮೊದಲು ಇದನ್ನ ಎತ್ತು."

ಎರಡು ಕೋಲಿಗೆ ತೆಂಗಿನ ಹಗ್ಗ ಸುತ್ತಿ, ಅದರ ಮೇಲೆ ಹಲಗೆ ಇಟ್ಟರು. ಮೊದಲು ಕೋಲನ್ನು ಹಲಗೆಯ ತುದಿಗೇ ಕೊಟ್ಟು ನಡುವೆ ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್ ಅಂತು. ಅಷ್ಟು ಒಣಗಿದ ಹಲಗೆ ಹಸಿಯ ಹಾಗೆ ಕೂಗಿತಲ್ಲ ಅಂತ ನನಗೆ ಆಶ್ಚರ್ಯ. ಆಮೇಲೆ ಎರಡೂ ಕೋಲನ್ನು ತುದಿಯಿಂದ ಸುಮಾರು 16 ಇಂಚು ಒಳಕ್ಕೆ ಸರಿಸಿ ತಟ್ಟಿದರೆ, ಟಣ್ ಅಂತ ಎದ್ದು ಸ್ವಲ್ಪ ಹೊತ್ತು ನಿಂತಿತು. ಹಲಗೆಯ ಮೇಲೆ ನುಣ್ಣನೆ ಮರದ ಹುಡಿ ಉದುರಿಸಿ ಮತ್ತೆ ಮತ್ತೆ ತಟ್ಟಿದರು. ಹುಡಿ ಜಿಗಿಯುತ್ತಾ ಜಿಗಿಯುತ್ತಾ ಎರಡು ಕಡೆ ಅಡ್ಡಗೆರೆಯಾಗಿ ಕೂತಿತು, ಸರಿಯಾಗಿ ಆ ಕೋಲುಗಳ ಮೇಲೆ. ತಟ್ಟಿದಾಗ ಹಲಗೆ ನಡುಗದ ಜಾಗ ಅವೆರಡೇ. ಬೇರೆಲ್ಲಿ ಹಿಡಿದರೂ ನಾವೇ ಅದರ ಬಾಯಿ ಮುಚ್ಚಿದ ಹಾಗೆ. ಉದ್ದದಲ್ಲಿ ಕಾಲುಭಾಗಕ್ಕಿಂತ ಚೂರು ಕಡಿಮೆ ಅಂತ ಲೆಕ್ಕ ಇಟ್ಟುಕೊಂಡರೆ ಯಾವ ಅಳತೆಯ ಹಲಗೆಗೂ ನಡೆಯುತ್ತೆ.

ಬಾಗಿಲಿಂದ ಬಿಚ್ಚಿದ್ದು ಅಷ್ಟು ಹೊತ್ತಿಗೆ ಒಣಗಿತ್ತು. ಆದರೆ ಅದೇ ಅಟ್ಟಿಯ ತಳದಲ್ಲಿ, ಗಾಳಿ ತಾಗದೆ ಬಿದ್ದಿದ್ದ ಇನ್ನೊಂದನ್ನು ತಂದು ಇಟ್ಟೆವು. ಅದೂ ಕಂದೇ. ತಟ್ಟಿದರೆ ಸ್ವರ ತಗ್ಗು, ಹುಟ್ಟಿದಲ್ಲೇ ಸತ್ತು ಹೋಯ್ತು. ದಿನಸಿ ಅಂಗಡಿಯಿಂದ ತಕ್ಕಡಿ ತಂದು ತೂಗಿದೆವು. ಲೆಕ್ಕದ ಹಲಗೆ 7 ಕಿಲೋ, ಇದು 8.5. ಆ ಒಂದೂವರೆ ಕಿಲೋ ಬರೀ ನೀರು ಅಂದರು. ಆಮೇಲೆ ಕಣ್ಣು ಮುಚ್ಚಿಸಿ ಎರಡನ್ನೂ ಹತ್ತಾರು ಸಲ ಎತ್ತಿಸಿದರು. ಸಂಜೆ ಹೊತ್ತಿಗೆ ತಕ್ಕಡಿ ಬೇಡವಾಯ್ತು.

ಲೆಕ್ಕದ ಹಲಗೆ ಅದೇ ಮರದ್ದು, ಅದೇ ಅಳತೆಯದ್ದೇ ಇರಬೇಕು. ಚೆನ್ನಾಗಿ ಒಣಗಿದ ಮತ್ತಿ ಹಲಗೆ ಅರೆಹಸಿ ಹಲಸಿಗಿಂತ ಭಾರ ಇರಬಹುದು, ಅದಕ್ಕೂ ಇದಕ್ಕೂ ಹೋಲಿಸಿ ಏನೂ ತಿಳಿಯುವುದಿಲ್ಲ. ತಟ್ಟಿದಾಗ ಗರಗರ ಅಂದರೆ ಅದು ಹಸಿಯಲ್ಲ, ಒಳಗೆಲ್ಲೋ ಸೀಳಿದೆ ಅಂತ. ಹಲಗೆ ತಿರುಗಿಸಿ ತುದಿ ನೋಡಿ.

ಬಾಗಿಲ ಚೌಕಟ್ಟಿನ ನಾಲ್ಕಿಂಚು ದಪ್ಪದ ಮರಕ್ಕೆ ಈ ತಟ್ಟುವ ಕೆಲಸ ನಾನು ನಂಬುವುದಿಲ್ಲ. ಮೇಲೆ ಒಣಗಿ ತಿರುಳು ಹಸಿ ಇದ್ದರೆ ಕಿವಿಗೆ ಗೊತ್ತಾಗುವುದು ಕಷ್ಟ. ಅದಕ್ಕೆ ತುದಿಯಿಂದ ಒಂದಡಿಗಿಂತ ಒಳಗೆ, ಯಾಕಂದ್ರೆ ತುದಿ ಯಾವಾಗಲೂ ಮೊದಲು ಒಣಗುತ್ತೆ, ತೆಳ್ಳಗೆ ಒಂದು ಬಿಲ್ಲೆ ಕೊಯ್ದು ತೂಗುತ್ತೇನೆ. ಆಮೇಲೆ ಒಲೆಯ ಮೇಲೆ ಸುಡದ ಹಾಗೆ ಒಣಗಿಸುತ್ತೇನೆ, ತೂಕ ಇಳಿಯುವುದು ನಿಲ್ಲೋ ತನಕ. ಹೋದ ತಿಂಗಳ ಬಿಲ್ಲೆ 260 ಗ್ರಾಂ ಇದ್ದದ್ದು 200ಕ್ಕೆ ನಿಂತಿತು. 200ಕ್ಕೆ 60 ನೀರು, ಅಂದರೆ ನೂರಕ್ಕೆ 30. ಕುಗ್ಗುವುದು ಸರಿಸುಮಾರು ಅಲ್ಲಿಂದಲೇ ಶುರು, ಅಂದರೆ ಆ ಮರ ಇನ್ನೂ ಕುಗ್ಗಲು ಶುರುವೇ ಮಾಡಿರಲಿಲ್ಲ. ತುದಿಗೆ ಮತ್ತೆ ಸಗಣಿ ಬಳಿದು, ಸೀಸದಕಡ್ಡಿಯಲ್ಲಿ ತಾರೀಕು ಬರೆದು ಅಟ್ಟಕ್ಕೆ ಹಾಕಿದೆ. ಮನೆಯವರಿಗೆ ಫೋನ್ ಮಾಡಿ ಚೌಕಟ್ಟು ಮುಂದಿನ ವರ್ಷ ಅಂತ ಹೇಳಿದೆ.