ಕೊರಿಯಾದ ಡೆಲಿವರಿ ಆ್ಯಪ್‌ನಲ್ಲಿ ಆರ್ಡರ್ ಎಲ್ಲಿದೆ ಅಂತ ತಿಳಿಯೋದು ಹೇಗೆ

ಕೊರಿಯಾದಲ್ಲಿರುವವರಿಗೆ: ಬೇಮಿನ್ ಥರದ ಊಟ ತರಿಸುವ ಆ್ಯಪ್‌ನಲ್ಲಿ ಆರ್ಡರ್ ಬದಲಿಸಬೇಕು, ಕ್ಯಾನ್ಸಲ್ ಮಾಡಬೇಕು ಅಂದ್ರೆ ಹೋಟೆಲ್‌ನವರು ಒಪ್ಪಿಕೊಳ್ಳುವ ಮೊದಲೇ ಮಾಡಿ. ಆರ್ಡರ್ ಸ್ಟೇಟಸ್ ತೋರಿಸುವ ಪದಗಳು ಆ್ಯಪ್‌ನಿಂದ ಆ್ಯಪ್‌ಗೆ ಸ್ವಲ್ಪ ಬೇರೆ ಇರುತ್ತವೆ, ಆದರೆ ಹಂತಗಳ ಕ್ರಮ ಒಂದೇ. ಮೊದಲು ಹೋಟೆಲ್ ಒಪ್ಪಿಗೆಗೆ ಕಾಯುವ ಹಂತ, ಆಗ ಹಣ ಕಟ್ ಆಗಿದ್ದರೂ ನೀವೇ ಕ್ಯಾನ್ಸಲ್ ಒತ್ತಬಹುದು. 조리 중 ಅಂತ ಬಂತು ಅಂದ್ರೆ ಅಡುಗೆ ಶುರು, ಇನ್ನು ಹೋಟೆಲ್‌ಗೋ ಕಸ್ಟಮರ್ ಸೆಂಟರ್‌ಗೋ ಫೋನ್ ಮಾಡಿ ಕೇಳಬೇಕು, ಅವರು ಒಪ್ಪಲೇಬೇಕು ಅಂತೇನಿಲ್ಲ. 배달 중 ಅಂದ್ರೆ ಊಟ ರೈಡರ್ ಕೈಯಲ್ಲಿದೆ, 배달 완료 ಅಂದ್ರೆ ತಲುಪಿಸಿದ್ದಾರೆ. 'ಬಾಗಿಲ ಬಳಿ ಇಡಿ' ಅಂತ ಆರಿಸಿದ್ದರೆ ಬೆಲ್ ಆಗದಿದ್ದರೂ ಬಾಗಿಲು ತೆಗೆದು ನೋಡಿ. ಹೋಟೆಲ್ 7:10ಕ್ಕೆ ಒಪ್ಪಿ 40 ನಿಮಿಷ ಅಂದರೆ 7:50ರ ಸುಮಾರಿಗೆ ಬರಬೇಕು. 7:45 ಆದರೂ 조리 중 ಅಂತಲೇ ಇದ್ದರೆ ತಡ ಆಗೋದೇ ಹೆಚ್ಚು, ಯಾಕಂದ್ರೆ ದಾರಿಯ ಸಮಯ ಇನ್ನೂ ಶುರುವೇ ಆಗಿಲ್ಲ. ಈ ಲೆಕ್ಕ ಕೈಕೊಡುವುದು ಎರಡು ಕಡೆ. 알뜰배달 ಆರಿಸಿದ್ದರೆ ಡೆಲಿವರಿ ಚಾರ್ಜ್ ಕಡಿಮೆ, ಆದರೆ ರೈಡರ್ ದಾರಿಯಲ್ಲಿ ಬೇರೆಯವರ ಆರ್ಡರ್ ಕೂಡ ಕೊಡುತ್ತಾರೆ, ಮ್ಯಾಪ್‌ನಲ್ಲಿ ಚುಕ್ಕೆ ನಿಮ್ಮ ಬೀದಿ ದಾಟಿ ಹೋದರೆ ಗಾಬರಿ ಬೇಡ. ಇನ್ನು 가게배달, ಅಂದರೆ ಹೋಟೆಲ್‌ನವರೇ ಡೆಲಿವರಿ ನೋಡಿಕೊಳ್ಳುವಂಥದ್ದು. ಇದರಲ್ಲಿ ರೈಡರ್ ಎಲ್ಲಿದ್ದಾರೆ ಅಂತ ಸಾಮಾನ್ಯವಾಗಿ ಕಾಣಲ್ಲ, ಸ್ಟೇಟಸ್ ಕೂಡ ನಂಬೋ ಹಾಗಿಲ್ಲ. ತಡ ಆದರೆ ಸ್ಕ್ರೀನ್ ನೋಡ್ತಾ ಕೂರಬೇಡಿ, ನೇರ ಹೋಟೆಲ್‌ಗೇ ಫೋನ್ ಮಾಡಿ.