ಎಸ್ಕೇಪ್ ಗೋಟ್: ತಿದ್ದಲು ಹೋಗಿ ನಾನೇ ತಿದ್ದಿಸಿಕೊಂಡ ಕಥೆ

ಇಂಗ್ಲಿಷ್ ಸಂದರ್ಶನಗಳ ಆಡಿಯೊ ಕೇಳಿ ಬೇರೆಯವರು ಟೈಪ್ ಮಾಡಿದ್ದನ್ನು ತಿದ್ದುವುದು ನನ್ನ ಕೆಲಸ. ಒಂದು ದಿನ ಪ್ರತಿಯಲ್ಲಿ ಹೀಗೊಂದು ಸಾಲು ಬಂತು: ಸಂಸ್ಥೆಯ ತಪ್ಪಿಗೆ ಮ್ಯಾನೇಜರ್‌ನನ್ನು ‘ಎಸ್ಕೇಪ್ ಗೋಟ್’ ಮಾಡಿದರು. ಸ್ಪೆಲ್‌ಚೆಕ್ ಸುಮ್ಮನಿತ್ತು. ಎರಡೂ ಪದ ಸರಿಯಾಗಿಯೇ ಇವೆಯಲ್ಲ, ಅದಕ್ಕೇನು ಗೊತ್ತಾಗಬೇಕು?

ಬೇರೆಯವರ ತಪ್ಪನ್ನು ತಲೆಯ ಮೇಲೆ ಹೊರುವವರಿಗೆ ಇಂಗ್ಲಿಷಿನಲ್ಲಿ ಸ್ಕೇಪ್‌ಗೋಟ್ ಎನ್ನುತ್ತಾರೆ. ನಾನು ಹಾಗೆಂದು ತಿದ್ದಿ, ಪಕ್ಕದಲ್ಲಿ ಜಂಬದಿಂದ ಒಂದು ಟಿಪ್ಪಣಿ ಬರೆದೆ: ‘ಈ ಪದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಸಂಬಂಧವೇ ಇಲ್ಲ.’ ಟೈಪ್ ಮಾಡಿದ ಹುಡುಗಿ ಅರ್ಧ ಗಂಟೆಯಲ್ಲಿ ನಿಘಂಟಿನ ಪುಟವನ್ನೇ ಕಳಿಸಿದಳು. ‘ಸರ್, ಸಂಬಂಧ ಇದೆ ಅಲ್ವಾ?’

ಇತ್ತು. 1530ರಲ್ಲಿ ವಿಲಿಯಂ ಟಿಂಡೇಲ್ ಬೈಬಲ್ಲಿನ ಮೊದಲ ಐದು ಪುಸ್ತಕಗಳನ್ನು ಇಂಗ್ಲಿಷಿಗೆ ತಂದಾಗ ಈ ಪದವನ್ನು ಕಟ್ಟಿದ. ಆ ಐದರಲ್ಲೊಂದಾದ ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ಎರಡು ಹೋತಗಳು ಬರುತ್ತವೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಯಾಜಕನಾದ ಆರೋನನು ಕೈಯಿಟ್ಟು, ಜನರ ಪಾಪಗಳನ್ನೆಲ್ಲ ಅದರ ಮೇಲೆ ಹೇರಿ, ಜೀವಂತವಾಗಿ ಕಾಡಿಗೆ ಅಟ್ಟುತ್ತಾನೆ. ಅಲ್ಲಿರುವ ‘ಅಜಾಜೇಲ್’ ಎಂಬ ಹೀಬ್ರೂ ಪದವನ್ನು ಟಿಂಡೇಲ್ ‘ಹೋಗಿಬಿಡುವ ಹೋತ’ ಎಂದು ಅರ್ಥ ಮಾಡಿಕೊಂಡ. ಆಗ ಎಸ್ಕೇಪ್ ಪದಕ್ಕೆ ‘ಸ್ಕೇಪ್’ ಎಂಬ ಮೊಟಕು ರೂಪವೂ ಬಳಕೆಯಲ್ಲಿತ್ತು. ಹಾಗೆ ಹುಟ್ಟಿದ್ದು ಸ್ಕೇಪ್‌ಗೋಟ್. ಆ ಮೊಟಕು ರೂಪ ಮಾತಿನಿಂದ ಮರೆಯಾದ ಮೇಲೆ ಕಿವಿ ತನಗೆ ಗೊತ್ತಿದ್ದ ಪದವನ್ನೇ ಹಿಡಿಯಿತು.

ನನ್ನ ಗೊಂದಲಕ್ಕೆ ಕನ್ನಡವೂ ಸ್ವಲ್ಪ ಕಾರಣ. ನಾವು ಹರಕೆಯ ಕುರಿ, ಬಲಿಪಶು ಎನ್ನುತ್ತೇವೆ. ನಮ್ಮ ಕುರಿ ಸಾಯುತ್ತದೆ, ಅವರ ಹೋತ ಬದುಕಿ ಹೋಗುತ್ತದೆ. ಸಾಯುವ ಪ್ರಾಣಿಗೆ ಎಸ್ಕೇಪ್ ಎಲ್ಲಿಂದ ಬರಬೇಕು ಎಂದು ನಾನು ತರ್ಕ ಮಾಡಿದ್ದೆ.

ಹೀಗೆ ತಪ್ಪಾಗಿ ಕೇಳಿಸಿಕೊಂಡರೂ ಅರ್ಥ ಕೂಡುವ ರೂಪಗಳಿಗೆ ‘ಎಗ್‌ಕಾರ್ನ್’ ಎನ್ನುತ್ತಾರೆ. ಓಕ್ ಮರದ ಬೀಜ ಏಕಾರ್ನ್ ಅನ್ನು ಯಾರೋ ಎಗ್ ಕಾರ್ನ್ ಎಂದು ಬರೆದಿದ್ದನ್ನು ನೋಡಿ, 2003ರಲ್ಲಿ ಭಾಷಾತಜ್ಞ ಜೆಫ್ರಿ ಪುಲ್ಲಂ ಸೂಚಿಸಿದ ಹೆಸರು ಅದು.

ತಿದ್ದುಪಡಿಯನ್ನು ನಾನು ವಾಪಸ್ ತೆಗೆಯಲಿಲ್ಲ, ಟಿಪ್ಪಣಿಯನ್ನು ಮಾತ್ರ ಅಳಿಸಿದೆ. ಪದದ ಹುಟ್ಟು ಒಂದು ವಿಷಯ, ಈಗ ಅದನ್ನು ಬರೆಯುವ ರೂಪ ಇನ್ನೊಂದು. ಆಮೇಲಿಂದ ನನ್ನ ದಾರಿ ಬದಲಾಯಿತು. ಅನುಮಾನ ಬಂದರೆ ಮೊದಲು ನಿಘಂಟಿನಲ್ಲಿ ಇಡೀ ನುಡಿಗಟ್ಟನ್ನು ಹುಡುಕುತ್ತೇನೆ. ನಂತರ ಗೂಗಲ್ ಎನ್‌ಗ್ರಾಮ್‌ನಲ್ಲಿ ಎರಡೂ ರೂಪಗಳನ್ನು ಅಕ್ಕಪಕ್ಕ ಕೊಡುತ್ತೇನೆ. ಅಚ್ಚಾದ ಪುಸ್ತಕಗಳಲ್ಲಿ ಯಾವ ರೂಪ ಎಷ್ಟು ಬಳಕೆಯಾಗಿದೆ ಎಂದು ಅದು ಎಣಿಸಿ, ಗೆರೆ ಎಳೆದು ತೋರಿಸುತ್ತದೆ.

```
scapegoat,escape goat
free rein,free reign
```

ಮೊದಲ ಜೋಡಿಯಲ್ಲಿ ಗೊಂದಲವೇ ಇಲ್ಲ, ಎರಡನೇ ರೂಪದ ಗೆರೆ ತಳಕ್ಕೆ ಅಂಟಿಕೊಂಡಿರುತ್ತದೆ. ಎರಡನೇ ಜೋಡಿ ಹಾಗಲ್ಲ. ಮೂಲ ನುಡಿಗಟ್ಟು ಕುದುರೆಯ ಲಗಾಮು ಸಡಿಲ ಬಿಡುವುದು. ಆದರೆ ರಾಜನ ಆಳ್ವಿಕೆ ಎಂಬ ಅರ್ಥದ ಪದದ ಉಚ್ಚಾರವೂ ಅದೇ, ಅರ್ಥವೂ ಕೂಡುತ್ತದೆ. ಹಾಗಾಗಿ ತಪ್ಪು ರೂಪ ಅಚ್ಚಿನಲ್ಲೂ ಸಾಕಷ್ಟಿದೆ. ಇಂಥ ಕಡೆ ಬರೀ ಎಣಿಕೆ ನಂಬಿದರೆ ಕೆಟ್ಟೆ. ಗೂಗಲ್ ಬುಕ್ಸ್‌ನಲ್ಲಿ ಇಸವಿ ಹಿಂದಕ್ಕೆ ಹಾಕಿ ಹಳೆಯ ಪುಟಗಳನ್ನು ತೆರೆಯುತ್ತೇನೆ. ಸುತ್ತಲಿನ ವಾಕ್ಯದಲ್ಲಿ ಕುದುರೆ, ಸವಾರ ಕಂಡರೆ ಸಾಕ್ಷಿ ಸಿಕ್ಕಿತು. ಪುಟದ ಚಿತ್ರವನ್ನೇ ನೋಡಬೇಕು, ಏಕೆಂದರೆ ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪಿರುತ್ತದೆ.

ಇನ್ನೊಂದು ತೊಡಕು ನಮ್ಮ ಕೆಲಸದ್ದೇ. ಲಗಾಮಿನ ಜೋಡಿಯಲ್ಲಿ ಕಿವಿಗೆ ವ್ಯತ್ಯಾಸವೇ ಗೊತ್ತಾಗದು. ಅಲ್ಲಿ ತಪ್ಪು ಬರೆದವರದ್ದು, ಸುಮ್ನೆ ತಿದ್ದಿಬಿಡುತ್ತೇನೆ. ಎಸ್ಕೇಪ್ ಗೋಟ್‌ನಲ್ಲಿ ಮುಂದೆ ಒಂದು ಸ್ವರ ಜಾಸ್ತಿ ಇದೆ. ಮಾತಾಡಿದವರೇ ಹಾಗೆ ಅಂದಿರಬಹುದು. ಸ್ಕೂಲನ್ನು ಇಸ್ಕೂಲು ಮಾಡುವ ನಾಲಿಗೆ ನಮ್ಮದು, ಆ ಸ್ವರ ಬರೀ ಉಚ್ಚಾರಣೆಯೂ ಇರಬಹುದು. ಅದಕ್ಕೆ ಆಡಿಯೊ ಎರಡು ಸಲ ಕೇಳುತ್ತೇನೆ. ಆಡಿದ್ದನ್ನು ಅಕ್ಷರಶಃ ಕೊಡಬೇಕಾದ ಪ್ರತಿಯಾದರೆ, ಸ್ಪಷ್ಟವಾಗಿ ಎಸ್ಕೇಪ್ ಅಂದಿದ್ದರೆ ಹಾಗೇ ಬಿಡುತ್ತೇನೆ. ಓದಲು ಒಪ್ಪವಾಗಿಸಿದ ಪ್ರತಿಯಾದರೆ ತಿದ್ದುತ್ತೇನೆ.

ಅವತ್ತಿನ ಆಡಿಯೊವನ್ನೂ ಕೊನೆಗೆ ಕೇಳಿದೆ. ಮಾತಾಡಿದವರು ನೆಟ್ಟಗೆ ‘ಸ್ಕೇಪ್‌ಗೋಟ್’ ಎಂದೇ ಹೇಳಿದ್ದರು. ಅದನ್ನೂ ಆ ಹುಡುಗಿಗೆ ಕಳಿಸಿದೆ, ಈ ಸಲ ಟಿಪ್ಪಣಿ ಇಲ್ಲದೆ.